ತಿಂಗಳ ಮಧ್ಯೆ ತಗೊಂಡ ಅಸೆಟ್‌ಗೆ ಡಿಪ್ರಿಸಿಯೇಷನ್ ತಪ್ಪು: ಸಾಫ್ಟ್‌ವೇರ್ 30 ದಿನ ಹಿಡಿಯತ್ತಾ, 31 ಹಿಡಿಯತ್ತಾ?

ಮಂಜು_ಪೀಣ್ಯ

ಎಲ್ಲರಿಗೂ ನಮಸ್ಕಾರ. ಅಸೆಟ್ ರಿಜಿಸ್ಟರ್ ಟ್ಯಾಲಿ ಮಾಡೋವಾಗ ಸಿಕ್ಕಿಹಾಕಿಕೊಂಡಿದೀನಿ, ಗೊತ್ತಿರೋರು ದಾರಿ ತೋರಿಸಿ. ಸಾಫ್ಟ್‌ವೇರ್ ಹೆಸರು ಬೇಡ, ಕ್ಲೌಡ್‌ನಲ್ಲಿ ಓಡೋ ಒಂದು ಅಕೌಂಟಿಂಗ್ ಪ್ಯಾಕೇಜ್.

ಲ್ಯಾಪ್‌ಟಾಪ್‌ಗಳ ಒಂದು ಲಾಟ್. ಜಿಎಸ್‌ಟಿ ಬಿಟ್ಟು 11,52,632 ರೂ. ರೆಸಿಡ್ಯುಯಲ್ 5%, ಅಂದ್ರೆ 57,632. ಸವೆಸಬೇಕಾದ್ದು 10,95,000. ಮೂರು ವರ್ಷ, ಸ್ಟ್ರೇಟ್ ಲೈನ್. ತಾರೀಖು 17 ಜನವರಿ 2025.

31 ಮಾರ್ಚ್ 2025ಕ್ಕೆ ಸಾಫ್ಟ್‌ವೇರ್ ತೋರಿಸೋದು 76,041.67. ಆಡಿಟರ್ ಶೀಟಲ್ಲಿ 74,000. ವ್ಯತ್ಯಾಸ 2,041.67. "ಜನವರಿ ತಿಂಗಳ ದಿನದ ಲೆಕ್ಕ ತಪ್ಪಿದೆ, ಸರಿ ಮಾಡಿಸಿ" ಅಂತ ಬರೆದು ಕಳಿಸಿದಾರೆ.

ಇಲ್ಲಿವರೆಗೂ ಅರ್ಥ ಆಯ್ತು. ಅರ್ಥ ಆಗದೇ ಇರೋದು ಮುಂದಿನದು. ಪೂರ್ತಿ ಶೆಡ್ಯೂಲ್ ತೆಗೆದು ಕೊನೆ ಸಾಲು ನೋಡಿದ್ರೆ ಲ್ಯಾಪ್‌ಟಾಪ್‌ಗಳ ಬುಕ್ ವ್ಯಾಲ್ಯೂ 57,632ಕ್ಕೆ ನಿಲ್ಲಲ್ಲ, 56,618.11ಕ್ಕೆ ಇಳಿಯತ್ತೆ. 10 ಫೆಬ್ರವರಿ 2025ಕ್ಕೆ ತಗೊಂಡ ಪ್ರೊಜೆಕ್ಟರ್ ಇದೆ (ಐದು ವರ್ಷ, ತಿಂಗಳಿಗೆ 3,000), ಅದು ಉಲ್ಟಾ: ಕೊನೆಗೆ 200 ರೂ. ಸವೆಯದೇ ಉಳಿಯತ್ತೆ. ಜೂನ್ ಮಧ್ಯದಲ್ಲಿ ತಗೊಂಡ ಚೇರ್‌ಗಳು ಮಾತ್ರ ಪೈಸೆ ಹೆಚ್ಚುಕಮ್ಮಿ ಇಲ್ಲದೆ ನಿಲ್ಲತ್ತೆ. ಒಂದೇ ಸಾಫ್ಟ್‌ವೇರ್, ಒಂದೇ ಸೆಟ್ಟಿಂಗ್. ಒಂದಕ್ಕೆ ಜಾಸ್ತಿ, ಒಂದಕ್ಕೆ ಕಮ್ಮಿ, ಒಂದಕ್ಕೆ ಸರಿ. ಹೇಗೆ?

ರವಿ_ಟ್ಯಾಕ್ಸ್

ಸಿಂಪಲ್ ಸಾರ್. ಜನವರಿಯಲ್ಲಿ ತಗೊಂಡಿದ್ದು 180 ದಿನಕ್ಕಿಂತ ಕಮ್ಮಿ ಬಳಕೆ, ಅರ್ಧ ರೇಟ್ ಹಾಕಬೇಕು. ಕಂಪ್ಯೂಟರ್‌ಗೆ 40%ರಲ್ಲಿ ಅರ್ಧ 20%. ದಿನದ ಲೆಕ್ಕ ಎಲ್ಲಿಂದ ಬಂತು?

ಶ್ರೀಲತಾ_ಜಯನಗರ

ರವಿ ಅವರೇ, ನೀವು ಹೇಳ್ತಿರೋದು ಇನ್‌ಕಮ್ ಟ್ಯಾಕ್ಸ್ ಬ್ಲಾಕ್ ಲೆಕ್ಕ. ಅವರು ಕೇಳ್ತಿರೋದು ಬುಕ್ಸ್ ಬಗ್ಗೆ, ಕಂಪನೀಸ್ ಆಕ್ಟ್ 2013ರ ಶೆಡ್ಯೂಲ್ II ಬಗ್ಗೆ. ಅಲ್ಲಿ ಅರ್ಧ ರೇಟ್ ಅನ್ನೋದೇ ಇಲ್ಲ. ವರ್ಷದ ಮಧ್ಯೆ ಅಸೆಟ್ ಬಂದ್ರೆ ಬಂದ ದಿನದಿಂದ ಪ್ರೋ ರೇಟಾ, ಹೋದ್ರೆ ಹೋದ ದಿನದವರೆಗೆ.

ಟ್ರಯಲ್‌ಬ್ಯಾಲೆನ್ಸ್

ಎರಡು ಸಾವಿರಕ್ಕೆ ಇಷ್ಟು ತಲೆಬಿಸಿನಾ ಗುರು? ಮೆಟೀರಿಯಲ್ ಅಲ್ಲ ಅಂತ ಬರೆದು ಕ್ಲೋಸ್ ಮಾಡಿ.

ಲೆಡ್ಜರ್_ಲೋಕ

ಮಂಜು ಸಾರ್, ನಿಮ್ಮ ಮೂರೂ ಉದಾಹರಣೆ ಚೆನ್ನಾಗಿವೆ, ಕಾಯಿಲೆ ಅವುಗಳಲ್ಲೇ ಕಾಣತ್ತೆ. ಆದ್ರೆ ಇಲ್ಲಿ ಎರಡು ಬೇರೆ ಬೇರೆ ವಿಷಯ ಬೆರೆತುಹೋಗಿವೆ. ಬಿಡಿಸಿ ನೋಡೋಣ.

ಮೊದಲು ಆಡಿಟರ್ ಹೇಳಿದ 2,041.67. ಅವರ ಶೀಟ್ ದಿನದ ಲೆಕ್ಕದ್ದು. 17 ಜನವರಿ 2025ರಿಂದ 16 ಜನವರಿ 2028ಕ್ಕೆ ಸರಿಯಾಗಿ 1,095 ದಿನ (2028ರ ಫೆಬ್ರವರಿ 29 ಅಷ್ಟರೊಳಗೆ ಬರಲ್ಲ), ಹಾಗಾಗಿ ದಿನಕ್ಕೆ ನೇರ 1,000 ರೂ. ಜನವರಿಯಲ್ಲಿ 15 ದಿನ, ಫೆಬ್ರವರಿ 28, ಮಾರ್ಚ್ 31. ಒಟ್ಟು 74 ದಿನ, 74,000. ನಿಮ್ಮ ಸಾಫ್ಟ್‌ವೇರ್ ತಿಂಗಳ ಲೆಕ್ಕದ್ದು. 10,95,000 ಭಾಗಿಸು 36, ತಿಂಗಳಿಗೆ 30,416.67. ಮೊದಲ ತಿಂಗಳಿಗೆ ಮಾತ್ರ 15/30 ಅಂತ ಹಿಡಿದು 15,208.33 ಹಾಕಿದೆ.

ಈಗ ತಿಂಗಳು ತಿಂಗಳು ಹೋಲಿಸಿ. ಜನವರಿಯಲ್ಲಿ ಸಾಫ್ಟ್‌ವೇರ್ 208.33 ಜಾಸ್ತಿ. ಫೆಬ್ರವರಿಯಲ್ಲಿ 28,000 ಬದಲು 30,416.67, ಅಂದ್ರೆ 2,416.67 ಜಾಸ್ತಿ. ಮಾರ್ಚಲ್ಲಿ 31,000 ಬದಲು 30,416.67, 583.33 ಕಮ್ಮಿ. ಕೂಡಿ ಕಳೆದ್ರೆ 2,041.67. ಅಂದ್ರೆ ಆಡಿಟರ್ ಬೈದಿದ್ದು ಜನವರಿನ, ಮಾಡಿದ್ದು ಫೆಬ್ರವರಿ. ಚಿಕ್ಕ ತಿಂಗಳಿಗೂ ಸಮಪಾಲು ಕೊಡೋದು ತಿಂಗಳ ಪದ್ಧತಿಯ ಗುಣ. ಅದು ತಪ್ಪಲ್ಲ, ಬೇರೆ ಪದ್ಧತಿ ಅಷ್ಟೆ. ಜನವರಿ ದಿನ ಸರಿ ಮಾಡಿಸಿದ್ರೂ ಆ ವ್ಯತ್ಯಾಸ ಹೋಗಲ್ಲ.

ನಿಜವಾದ ತಪ್ಪು ಇರೋದು ಕೊನೆ ಸಾಲಲ್ಲಿ. ಮೂರು ವರ್ಷದ ಅಸೆಟ್ ಜನವರಿಯಲ್ಲಿ ಶುರುವಾದ್ರೆ ಜನವರಿಯಲ್ಲೇ ಮುಗಿಯತ್ತೆ. ಶುರುವಿನ ತುಂಡು 15 ದಿನ, ಕೊನೆ ತುಂಡು 16 ದಿನ, ಸೇರಿದ್ರೆ ಒಂದು ಪೂರ್ತಿ ತಿಂಗಳು ಆಗಬೇಕು. ಅವರು ಎರಡನ್ನೂ 30ರಿಂದ ಭಾಗಿಸಿದಾರೆ, 15/30 + 16/30 = 31/30. ಒಂದು ತಿಂಗಳ ಮೇಲೆ ಮೂವತ್ತನೇ ಒಂದು ಭಾಗ ಜಾಸ್ತಿ, ಅದೇ ನಿಮ್ಮ 1,013.89. ಪ್ರೊಜೆಕ್ಟರ್‌ಗೆ ಫೆಬ್ರವರಿ: 19/30 + 9/30 = 28/30, ಎರಡು ದಿನದ ಪಾಲು ಕಮ್ಮಿ, ಅದೇ 200 ರೂ. ಜೂನ್‌ಗೆ 30 ದಿನವೇ ಇರೋದರಿಂದ ತಪ್ಪು ಮುಚ್ಚಿಹೋಗತ್ತೆ. ಏಪ್ರಿಲ್, ಸೆಪ್ಟೆಂಬರ್, ನವೆಂಬರ್‌ದೂ ಇದೇ ಕಥೆ. ಡೆಮೋ ತೋರಿಸೋವಾಗ ಜೂನ್ 15 ಹಾಕಿದ್ರೆ ಯಾರಿಗೂ ಗೊತ್ತಾಗಲ್ಲ.

ಮಂಜು_ಪೀಣ್ಯ

ಅಬ್ಬಾ, ಈಗ ಅರ್ಥ ಆಯ್ತು. ಹಾಗಾದ್ರೆ ಆಡಿಟರ್ ಕೇಳ್ತಿರೋ 2,041.67ರಲ್ಲಿ ನಿಜವಾದ ತಪ್ಪು 1,013.89 ಮಾತ್ರಾನಾ?

ಲೆಡ್ಜರ್_ಲೋಕ

ಹೌದು, ಮೂರು ವರ್ಷ ಪೂರ್ತಿ ಓಡಿದ್ರೆ. ಮಧ್ಯದ ವರ್ಷಗಳಲ್ಲಿ ಎರಡೂ ಪದ್ಧತಿಗೆ 3,65,000, ವ್ಯತ್ಯಾಸ ಇಲ್ಲ. ಕೊನೆ ವರ್ಷ ಏಪ್ರಿಲ್ 2027ರಿಂದ 16 ಜನವರಿ 2028ಕ್ಕೆ 291 ದಿನ, ದಿನದ ಲೆಕ್ಕದಲ್ಲಿ 2,91,000. ಸಾಫ್ಟ್‌ವೇರ್ ಹಾಕೋದು 2,89,972.22. ಅಲ್ಲಿ 1,027.78 ವಾಪಸ್ ಬರತ್ತೆ, 1,013.89 ಬರಲ್ಲ.

ಬಸವನಗುಡಿ_ಆಡಿಟ್

ಆಡಿಟ್ ಕಡೆಯಿಂದ ಒಂದು ಮಾತು. "ಬೇರೆ ಪದ್ಧತಿ ಅಷ್ಟೆ" ಅನ್ನೋದನ್ನ ನಾನು ಅಷ್ಟು ಸುಲಭಕ್ಕೆ ಒಪ್ಪಲ್ಲ. ಶೆಡ್ಯೂಲ್ II ಹೇಳೋದು ಸೇರಿದ ದಿನಾಂಕದಿಂದ ಪ್ರೋ ರೇಟಾ ಅಂತ. ದಿನಾಂಕದಿಂದ ಅಂದ ಮೇಲೆ ದಿನಕ್ಕೆ ತಕ್ಕ ಪಾಲು. 74 ದಿನಕ್ಕೆ 76 ದಿನದ ದುಡ್ಡು ಹಾಕಿದ್ರೆ ಪ್ರಶ್ನೆ ಕೇಳೇ ಕೇಳ್ತೀವಿ.

ಲೆಡ್ಜರ್_ಲೋಕ

ಪ್ರೋ ರೇಟಾ ಅಂದಿದೆ, 365ರಿಂದ ಭಾಗಿಸಿ ಅಂತ ಎಲ್ಲೂ ಅಂದಿಲ್ಲ ಸಾರ್. ಸಂಬಳನೂ ತಿಂಗಳ ಲೆಕ್ಕದಲ್ಲೇ ಕೊಡ್ತೀವಿ, ಫೆಬ್ರವರಿಯಲ್ಲಿ ಎರಡು ದಿನದ್ದು ಹಿಡ್ಕೊಳ್ಳಲ್ಲ. ಪಾಲಿಸಿಯಲ್ಲಿ ಬರೆದು ಎಲ್ಲ ಅಸೆಟ್‌ಗೂ ಒಂದೇ ರೀತಿ ಮಾಡಿದ್ರೆ ಸಾಕು.

ಬಸವನಗುಡಿ_ಆಡಿಟ್

"ಎಲ್ಲ ಅಸೆಟ್‌ಗೂ ಒಂದೇ ರೀತಿ" ಅನ್ನೋದೇ ಇಲ್ಲಿ ಇಲ್ಲವಲ್ಲ. ಮಂಜು ಅವರೇ, ಒಂದು ಲ್ಯಾಪ್‌ಟಾಪ್ ಮಾರಿದ ಹಾಗೆ ಟೆಸ್ಟ್ ಎಂಟ್ರಿ ಹಾಕಿ ನೋಡಿ. ಬಹಳ ಪ್ಯಾಕೇಜ್‌ಗಳಲ್ಲಿ ಖರೀದಿ ತುಂಡಿಗೆ ಒಂದು ನಿಯಮ, ಮಾರಾಟದ ತುಂಡಿಗೆ ಇನ್ನೊಂದು. ಯಾಕಂದ್ರೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಬರೆದ ಕೋಡ್.

ಗೀತಾ_ವೈಟ್‌ಫೀಲ್ಡ್

ನಮ್ಮಲ್ಲಿ ಇದ್ಯಾವುದೂ ಇಲ್ಲ. 15ರ ಒಳಗೆ ಬಂದ್ರೆ ಪೂರ್ತಿ ತಿಂಗಳು, 16ರಿಂದ ಬಂದ್ರೆ ಮುಂದಿನ ತಿಂಗಳಿಂದ. ನೆಮ್ಮದಿ.

ಶ್ರೀಲತಾ_ಜಯನಗರ

ಗೀತಾ, ನೆಮ್ಮದಿ ಇರೋದು ನಿಜ, ಆದ್ರೆ ನಿಮ್ಮ ಪದ್ಧತಿಯಲ್ಲಿ 17ಕ್ಕೆ ಬಂದ ಈ ಲಾಟ್‌ಗೆ ಜನವರಿಯಲ್ಲಿ ಸೊನ್ನೆ, ಮಾರ್ಚ್ ಕೊನೆಗೆ 60,833. ಆಡಿಟರ್ ಲೆಕ್ಕಕ್ಕಿಂತ 13 ಸಾವಿರ ಕಮ್ಮಿ. ವರ್ಷದ ಕೊನೆ ಹತ್ತಿರ ದೊಡ್ಡ ಮೆಷಿನ್ ಬಂದ್ರೆ ಆ ಅಂತರ ಸಣ್ಣದಾಗಿರಲ್ಲ. ಅದರಲ್ಲೂ ಬಜೆಟ್ ಮುಗಿಸೋಕೆ ಅಂತ ಜನವರಿ-ಮಾರ್ಚಲ್ಲೇ ಖರೀದಿ ಜಾಸ್ತಿ.

ಮಂಜು ಅವರೇ, ನನ್ನ ಪ್ರಶ್ನೆ ಬೇರೆ. 17 ಜನವರಿ ಅನ್ನೋದು ಯಾವ ತಾರೀಖು? ಬಿಲ್ ತಾರೀಖಾ, ಮಾಲು ಬಂದ ತಾರೀಖಾ? ಸ್ಟ್ಯಾಂಡರ್ಡ್ ಪ್ರಕಾರ ಅಸೆಟ್ ಬಳಸೋಕೆ ಸಿದ್ಧವಾದ ದಿನದಿಂದ ಡಿಪ್ರಿಸಿಯೇಷನ್ ಶುರು. ಇದನ್ನ ಬಗೆಹರಿಸದೆ 30, 31 ಅಂತ ಜಗಳ ಆಡೋದರಲ್ಲಿ ಅರ್ಥ ಇಲ್ಲ. ಬಿಲ್ಲಿಗೂ ಇನ್‌ಸ್ಟಾಲೇಷನ್‌ಗೂ ಮಧ್ಯೆ ನಾಲ್ಕು ದಿನ ಇದ್ರೆ ಅಲ್ಲೇ ನಾಲ್ಕು ಸಾವಿರ.

ಮಂಜು_ಪೀಣ್ಯ

ಬಿಲ್ 13ಕ್ಕೆ. 17ಕ್ಕೆ ಐಟಿ ಟೀಮ್ ಸೆಟಪ್ ಮಾಡಿ ಟ್ಯಾಗ್ ಅಂಟಿಸಿದ್ದು. ರಿಜಿಸ್ಟರ್‌ನಲ್ಲಿ 17 ಅಂತಲೇ ಇದೆ. ಆಡಿಟರ್ ಕೂಡ 17 ಒಪ್ಪಿದಾರೆ.

ಟ್ರಯಲ್‌ಬ್ಯಾಲೆನ್ಸ್

5,000ಕ್ಕಿಂತ ಕಮ್ಮಿ ಇರೋ ಐಟಂ ಎಲ್ಲ ಒಂದೇ ವರ್ಷಕ್ಕೆ 100% ಹೊಡೆದುಬಿಡಿ, ಅರ್ಧ ರಿಜಿಸ್ಟರ್ ಖಾಲಿ ಆಗತ್ತೆ.

ಬಸವನಗುಡಿ_ಆಡಿಟ್

ಅದು ಹಳೇ 1956ರ ಆಕ್ಟಿನ ಶೆಡ್ಯೂಲ್ XIVರಲ್ಲಿ ಇತ್ತು. ಶೆಡ್ಯೂಲ್ IIರಲ್ಲಿ ಆ 5,000ದ ನಿಯಮ ಇಲ್ಲ. ಈಗ ಕಂಪನಿ ತನ್ನ ಪಾಲಿಸಿಯಲ್ಲಿ ಮಿತಿ ಇಟ್ಕೊಂಡು, ಮೆಟೀರಿಯಲ್ ಅಲ್ಲ ಅಂತ ಸಮರ್ಥಿಸಿಕೊಳ್ಳಬೇಕು. ಮತ್ತೆ ಈ ಥ್ರೆಡ್‌ನ ವಿಷಯ ಅದಲ್ಲ!

ಕೋಡ್‌ಗೌಡ

ಇಂಥ ಮಾಡ್ಯೂಲ್ ಬರೆಯೋ ಕಡೆಯವನು ನಾನು. ಸಾಫ್ಟ್‌ವೇರ್ ಒಳಗೆ ಏನು ನಡೀತಿದೆ ಅಂತ ಸಪೋರ್ಟ್‌ನವರನ್ನ ಕೇಳಿದ್ರೆ "ಸ್ಟ್ಯಾಂಡರ್ಡ್ ಪ್ರೋ ರೇಟಾ" ಅನ್ನೋ ಉತ್ತರ ಬರತ್ತೆ, ಅದರಿಂದ ಉಪಯೋಗ ಇಲ್ಲ. ಮಂಜು ಅವರ ಲಾಟ್ ದಿನಕ್ಕೆ ಸರಿಯಾಗಿ 1,000 ಬರೋ ಹಾಗಿರೋದರಿಂದ ಅದನ್ನೇ ಟೆಸ್ಟ್ ಕಂಪನಿಯಲ್ಲಿ ಹಾಕಿ ಮೊದಲ ಸಾಲು ಓದಿದ್ರೆ ನಿಯಮ ತಾನಾಗೇ ಬಯಲಾಗತ್ತೆ.

ಮೊದಲ ತಿಂಗಳು 15,000 ಬಂದ್ರೆ ಅಪ್ಪಟ ದಿನದ ಲೆಕ್ಕ. 14,717.74 ಬಂದ್ರೆ 15/31, ಅಂದ್ರೆ ತಿಂಗಳ ಪದ್ಧತಿ, ಭಾಗಿಸಿದ್ದು ಆ ತಿಂಗಳ ನಿಜವಾದ ದಿನಗಳಿಂದ. 13,736.56 ಬಂದ್ರೆ 14/31: 31ರಿಂದ 17 ಕಳೆದು ಸುಮ್ಮನಾಗಿದಾರೆ, ಮೊದಲ ದಿನ ಸೇರಿಸೋಕೆ +1 ಮರೆತಿದಾರೆ. 14,194.44 ಬಂದ್ರೆ 14/30, ಎಕ್ಸೆಲ್‌ನ `DAYS360` ಥರದ ಫಂಕ್ಷನ್ ಬಳಸಿದಾರೆ ಅಂತ ಅನುಮಾನ ಪಡಿ. ನಿಮಗೆ ಬಂದಿರೋ 15,208.33 ಅಂದ್ರೆ 15/30: ದಿನ ಎಣಿಸೋವಾಗ ಕ್ಯಾಲೆಂಡರ್, ಭಾಗಿಸೋವಾಗ 30. ಮೇಲೊಂದು ಕೆಳಗೊಂದು. ಇರೋದರಲ್ಲಿ ಕೆಟ್ಟ ಜೋಡಿ ಇದೇ, ಯಾಕಂದ್ರೆ ತಿಂಗಳಿಂದ ತಿಂಗಳಿಗೆ ತಪ್ಪಿನ ದಿಕ್ಕೇ ಬದಲಾಗತ್ತೆ.

ಮೊದಲ ಸಾಲು ಓದಿ ಸುಮ್ಮನಾಗಬೇಡಿ, ಕೊನೆ ಸಾಲೂ ಓದಿ. ಕೆಲವು ಪ್ಯಾಕೇಜ್ ಕೊನೆ ತಿಂಗಳಲ್ಲಿ "ಉಳಿದಿದ್ದೆಲ್ಲ ಇಲ್ಲಿ ಸುರಿ" ಅಂತ ಮಾಡಿಬಿಡತ್ತೆ. ಆಗ ಬುಕ್ ವ್ಯಾಲ್ಯೂ ಸರಿಯಾಗಿ ನಿಲ್ಲತ್ತೆ, ತಪ್ಪು ಮಾತ್ರ ಕೊನೆ ಸಾಲಲ್ಲಿ ಅಡಗಿ ಕೂತಿರತ್ತೆ. ಮಧ್ಯದಲ್ಲಿ ಮಾರಿದ ಅಸೆಟ್‌ಗೆ ಕೊನೆ ಸಾಲು ಬರೋದೇ ಇಲ್ಲ, ಹಾಗಾಗಿ ಅಲ್ಲಿ ಲಾಭ-ನಷ್ಟದ ಅಂಕಿಯೊಳಗೆ ಸೇರಿಹೋಗತ್ತೆ.

ಹರೀಶ್_ಯಲಹಂಕ

ಕೋಡ್‌ಗೌಡ್ರೇ, ನಮ್ಮಲ್ಲಿ ಇನ್ನೊಂದು ವಿಚಿತ್ರ. 1 ಏಪ್ರಿಲ್‌ಗೆ ಕ್ಯಾಪಿಟಲೈಸ್ ಮಾಡಿದ ಜನರೇಟರ್‌ಗೆ ಹಿಂದಿನ ವರ್ಷದ ಮಾರ್ಚಲ್ಲಿ ಒಂದು ದಿನದ ಡಿಪ್ರಿಸಿಯೇಷನ್ ಬಿದ್ದಿದೆ. ಸ್ಕ್ರೀನ್ ಮೇಲೆ ತಾರೀಖು 1 ಏಪ್ರಿಲ್ ಅಂತಲೇ ತೋರಿಸತ್ತೆ. ಇದೂ 30-31ರ ತೊಂದರೆನಾ?

ಕೋಡ್‌ಗೌಡ

ಅಲ್ಲ, ಅದು ಟೈಮ್‌ಝೋನ್. ತಾರೀಖನ್ನ ಬರೀ ತಾರೀಖಾಗಿ ಇಡದೆ ಗಂಟೆ ಸಮೇತ ಯುಟಿಸಿಗೆ ಬದಲಾಯಿಸಿ ಸೇವ್ ಮಾಡಿರ್ತಾರೆ. ನಮ್ಮ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಇಲ್ಲಿ ಏಪ್ರಿಲ್ 1ರ ಮಧ್ಯರಾತ್ರಿ 00:00 ಅಂದ್ರೆ ಅಲ್ಲಿ ಮಾರ್ಚ್ 31ರ 18:30. ಸ್ಕ್ರೀನ್ ನಮ್ಮ ಸಮಯಕ್ಕೆ ತಿರುಗಿಸಿ ತೋರಿಸತ್ತೆ, ರಾತ್ರಿ ಓಡೋ ಡಿಪ್ರಿಸಿಯೇಷನ್ ಜಾಬ್ ಸರ್ವರ್ ಸಮಯವನ್ನೇ ಓದತ್ತೆ. ರಿಪೋರ್ಟನ್ನ ಸಿಎಸ್‌ವಿಗೆ ಎಕ್ಸ್‌ಪೋರ್ಟ್ ಮಾಡಿ, ನೋಟ್‌ಪ್ಯಾಡಲ್ಲಿ ತೆರೆದು ನೋಡಿ. `T18:30:00Z` ಅಂತ ಬಾಲ ಇದ್ರೆ ಇದೇ ಕಾರಣ.

ಹರೀಶ್_ಯಲಹಂಕ

ಇದೆ! ಅದೇ ಬಾಲ ಇದೆ. ಎಲ್ಲ ಅಸೆಟ್‌ಗೂ ಇದೆ.

ಕೋಡ್‌ಗೌಡ

ಹಾಗಾದ್ರೆ ಎಲ್ಲದಕ್ಕೂ ಒಂದು ದಿನ ಜಾಸ್ತಿ ಬಿದ್ದಿರತ್ತೆ. 1ನೇ ತಾರೀಖಿನವು ಮಾತ್ರ ತಿಂಗಳು ದಾಟಿದ್ದರಿಂದ ಕಣ್ಣಿಗೆ ಬಿದ್ದಿವೆ.

ರವಿ_ಟ್ಯಾಕ್ಸ್

ಸರಿ, ಬುಕ್ಸ್ ವಿಷಯ ಅಂತ ಒಪ್ಪಿದೆ. ಆದ್ರೆ ಟ್ಯಾಕ್ಸ್ ಕಡೆ ಈ ಒಂದು ದಿನದ ಆಟ ಇಲ್ಲ ಅಲ್ವಾ? 180 ದಿನದ ಈಚೆ ಅಥವಾ ಆಚೆ, ಅಷ್ಟೆ.

ಶ್ರೀಲತಾ_ಜಯನಗರ

ಒಂದು ದಿನ ಹೆಚ್ಚು ಕಚ್ಚೋದೇ ಅಲ್ಲಿ! 3 ಅಕ್ಟೋಬರ್ 2024ಕ್ಕೆ ಬಳಕೆಗೆ ಬಂದ ಅಸೆಟ್ ತಗೊಳ್ಳಿ. ಅಕ್ಟೋಬರ್‌ನಲ್ಲಿ 29 ದಿನ, ಆಮೇಲೆ 30, 31, 31, 28, 31. ಕೂಡಿದ್ರೆ 180. ನಿಯಮ ಇರೋದು 180ಕ್ಕಿಂತ ಕಮ್ಮಿ ಆದ್ರೆ ಅರ್ಧ ಅಂತ, 180 ಆದ್ರೆ ಪೂರ್ತಿ. ಸಾಫ್ಟ್‌ವೇರ್ ಮಾರ್ಚ್ 31ರಿಂದ ಅಕ್ಟೋಬರ್ 3 ಕಳೆದು +1 ಮರೆತ್ರೆ 179, ಅರ್ಧ ರೇಟ್. ಮಂಜು ಅವರ ಲಾಟಿನಷ್ಟೇ ಬೆಲೆ ಇದ್ದು 40%ರ ಬ್ಲಾಕಿಗೆ ಸೇರಿದ್ರೆ 2,30,526 ರೂ. ಆ ವರ್ಷದ ಕ್ಲೇಮಿಂದ ಬಿದ್ದುಹೋಯ್ತು. ಬುಕ್ಸಲ್ಲಿ ಅದೇ ತಪ್ಪಿಗೆ ಸಾವಿರ ರೂಪಾಯಿ.

ರವಿ_ಟ್ಯಾಕ್ಸ್

ಅಕ್ಟೋಬರ್ 4 ಕಟ್‌ಆಫ್ ಅಂತ ತಲೆಯಲ್ಲಿ ಕೂತಿದೆ ನನಗೆ.

ಶ್ರೀಲತಾ_ಜಯನಗರ

ಮಾರ್ಚ್ ಕೊನೆಯಾಗೋ ವರ್ಷದಲ್ಲಿ ಫೆಬ್ರವರಿ 29 ಇದ್ರೆ ಮಾತ್ರ 4. 2023-24ರಲ್ಲಿ 4 ಇತ್ತು. 2024-25ಕ್ಕೆ 3.

ಮಂಜು_ಪೀಣ್ಯ

ಸರಿ, ಕಾಯಿಲೆ ಗೊತ್ತಾಯ್ತು, ಮದ್ದು ಹೇಳಿ. ಸೆಟ್ಟಿಂಗಲ್ಲಿ "ದಿನದ ಆಧಾರದ ಮೇಲೆ" ಅನ್ನೋ ಟಿಕ್ ಒಂದು ಕಾಣ್ತಿದೆ. ಹಾಕಿಬಿಡಲಾ?

ಲೆಡ್ಜರ್_ಲೋಕ

ತಡೀರಿ ತಡೀರಿ! ಲೈವ್ ಕಂಪನಿಯಲ್ಲಿ ಮುಟ್ಟಬೇಡಿ. ಮೊದಲು ಸರಿಯಾದ ಉತ್ತರ ಏನು ಅನ್ನೋದು ಹೊರಗೆ ಒಂದು ಶೀಟಲ್ಲಿ ಇರಲಿ. ತಿಂಗಳ ತಿಂಗಳ ಡಿಪ್ರಿಸಿಯೇಷನ್ ನೇರ ಲೆಕ್ಕ ಹಾಕಬೇಡಿ, ಅಲ್ಲೇ ಎಲ್ಲರೂ ಎಡವೋದು. ಬದಲಿಗೆ ಪ್ರತಿ ತಿಂಗಳ ಕೊನೆಗೆ ಇಲ್ಲಿವರೆಗೆ ಒಟ್ಟು ಎಷ್ಟು ಸವೆದಿರಬೇಕು ಅಂತ ಕಂಡುಹಿಡಿದು, ಹಿಂದಿನ ತಿಂಗಳ ಒಟ್ಟು ಕಳೆಯಿರಿ. ಹಾಗೆ ಮಾಡಿದ್ರೆ ಮೊದಲ ತುಂಡು, ಕೊನೆ ತುಂಡು ಅನ್ನೋ ಪ್ರತ್ಯೇಕ ನಿಯಮವೇ ಬೇಡ. ಪೈಸೆ ರೌಂಡಿಂಗ್ ಕೂಡ ಸೇರ್ತಾ ಹೋಗಲ್ಲ.

B2ರಲ್ಲಿ ಬೆಲೆ, C2ರಲ್ಲಿ ರೆಸಿಡ್ಯುಯಲ್, D2ರಲ್ಲಿ ಬಳಕೆಗೆ ಬಂದ ತಾರೀಖು, E2ರಲ್ಲಿ ವರ್ಷ. A5ರಿಂದ ಕೆಳಗೆ ತಿಂಗಳ ಕೊನೆ ತಾರೀಖುಗಳು. B5ರಲ್ಲಿ:

```
=ROUND(($B$2-$C$2)*MIN(1,(A5-$D$2+1)/(EDATE($D$2,$E$2*12)-$D$2)),2)
```

ನಿಮ್ಮ ಲಾಟ್‌ಗೆ ಜನವರಿ ಕೊನೆಗೆ 15,000, ಮಾರ್ಚ್ ಕೊನೆಗೆ 74,000 ಬರಬೇಕು. 31 ಜನವರಿ 2028ರ ಸಾಲಲ್ಲಿ 10,95,000ಕ್ಕೆ ನಿಂತು ಮುಂದೆ ಏರಬಾರದು, ಅದಕ್ಕೇ `MIN` ಇರೋದು. ಭಾಜಕದಲ್ಲಿ 365 ಅಂತ ಕೈಯಲ್ಲಿ ಬರೆಯದೆ ನಿಜವಾದ ದಿನಗಳನ್ನೇ ತಗೊಂಡಿರೋದಕ್ಕೂ ಕಾರಣ ಇದೆ. ಇದೇ ಲಾಟ್ 17 ಜನವರಿ 2024ಕ್ಕೆ ಬಂದಿದ್ರೆ ಮಧ್ಯೆ ಫೆಬ್ರವರಿ 29 ಸಿಗ್ತಿತ್ತು, ಒಟ್ಟು 1,096 ದಿನ. 365 ಅಂತ ಹಿಡಿದು ದಿನಕ್ಕೆ ಸಾವಿರ ಹಾಕ್ತಾ ಹೋದ್ರೆ ಕೊನೆಗೆ ಸಾವಿರ ರೂ. ಜಾಸ್ತಿ ಆಗಿರೋದು.

ಗೀತಾ_ವೈಟ್‌ಫೀಲ್ಡ್

ಈ ಫಾರ್ಮುಲಾ ಹಾಕಿದೆ, ಒಂದು ಅಸೆಟ್‌ಗೆ ಮಾತ್ರ 14,403 ಚಿಲ್ಲರೆ ಬರ್ತಿದೆ, 15,000 ಬರಲ್ಲ. ಮಂಜು ಅವರ ಅಂಕಿಗಳನ್ನೇ ಹಾಕಿದ್ದು. ತಾರೀಖು ಮಾತ್ರ ನಮ್ಮ ಸಿಸ್ಟಮ್ ಎಕ್ಸ್‌ಪೋರ್ಟಿಂದ ಕಾಪಿ ಮಾಡಿದ್ದು.

ಕೋಡ್‌ಗೌಡ

ತಾರೀಖಿನ ಜೊತೆ ಗಂಟೆ ಅಂಟಿಕೊಂಡು ಬಂದಿದೆ. ಮಧ್ಯಾಹ್ನ ಎರಡೂವರೆ ಅಂದ್ರೆ ಎಕ್ಸೆಲ್‌ಗೆ 0.604 ದಿನ. 15 ದಿನದ ಬದಲು 14.396 ದಿನ ಆಯ್ತು, `EDATE` ಗಂಟೆ ಬಿಟ್ಟುಬಿಡೋದರಿಂದ ಭಾಜಕವೂ 1,095 ಬದಲು 1,094.396 ಆಯ್ತು. D2ರಲ್ಲಿ `=INT(...)` ಒಳಗೆ ಹಾಕಿ.

ಗೀತಾ_ವೈಟ್‌ಫೀಲ್ಡ್

ಸರಿ ಹೋಯ್ತು, ಥ್ಯಾಂಕ್ಸ್.

ಮಂಜು_ಪೀಣ್ಯ

ಟೆಸ್ಟ್ ಕಂಪನಿಯಲ್ಲಿ ಟಿಕ್ ಹಾಕಿ ನೋಡಿದೆ. ಹೊಸದಾಗಿ ಸೇರಿಸಿದ ಅಸೆಟ್‌ಗೆ 15,000, 28,000, 31,000 ಅಂತ ಚೊಕ್ಕವಾಗಿ ಬಂತು. ಮೊದಲೇ ಇದ್ದ ಅಸೆಟ್‌ಗೆ ಪೋಸ್ಟ್ ಆದ ಸಾಲುಗಳು ಹಾಗೇ ಇವೆ, ಉಳಿದ ಮೊತ್ತವನ್ನ ಉಳಿದ ದಿನಕ್ಕೆ ಹಂಚಿದೆ. ಬುಕ್ ವ್ಯಾಲ್ಯೂ ಕೊನೆಗೆ 57,632ಕ್ಕೇ ನಿಂತಿತು.

ಬಸವನಗುಡಿ ಸಾರ್ ಹೇಳಿದ ಮಾರಾಟದ ಟೆಸ್ಟನ್ನ ಟಿಕ್ ಇಲ್ಲದೆ ಮಾಡಿದೆ. 10 ಜೂನ್ 2026ಕ್ಕೆ ಪೂರ್ತಿ ಲಾಟ್ ಮಾರಿದ ಹಾಗೆ. ಜೂನ್ ತುಂಡಿಗೆ 9,000 ಬಂತು. 10/30 ಪ್ರಕಾರ 10,138.89 ಬರಬೇಕಿತ್ತು ಅಲ್ವಾ?

ಲೆಡ್ಜರ್_ಲೋಕ

ನೋಡಿ, ಮಾರಾಟದ ಕೋಡ್ ದಿನದ ಲೆಕ್ಕದ್ದು, ಅದರ ಮೇಲೆ ಮಾರಿದ ದಿನವನ್ನೂ ಬಿಟ್ಟಿದೆ. ಖರೀದಿಗೆ 30ರ ನಿಯಮ, ಮೊದಲ ದಿನ ಸೇರಿಸಿ. ಮಾರಾಟಕ್ಕೆ 365ರ ನಿಯಮ, ಕೊನೆ ದಿನ ಬಿಟ್ಟು. ಸಪೋರ್ಟ್ ಟಿಕೆಟ್ ಹಾಕೋವಾಗ ಈ ಎರಡು ಸಾಲು, 15,208.33 ಮತ್ತು 9,000, ಪಕ್ಕಪಕ್ಕ ಇಟ್ಟು ಕಳಿಸಿ. "ಲೆಕ್ಕ ತಪ್ಪು" ಅಂತ ಬರೆದ್ರೆ ಕನ್ಫಿಗರೇಷನ್ ಅಂತ ತಳ್ಳಿಹಾಕ್ತಾರೆ. ಇದಕ್ಕೆ ಹಾಗೆ ಹೇಳೋಕೆ ಆಗಲ್ಲ.

ಬಸವನಗುಡಿ_ಆಡಿಟ್

ಮಾರಿದ ದಿನ ಸೇರಿಸಬೇಕಾ ಬಿಡಬೇಕಾ ಅನ್ನೋದಕ್ಕೆ ಎರಡು ಅಭಿಪ್ರಾಯ ಇವೆ, ಯಾವುದನ್ನಾದ್ರೂ ಒಂದನ್ನ ಹಿಡಿಯಿರಿ. ಆದ್ರೆ ಬ್ರಾಂಚ್ ಟ್ರಾನ್ಸ್‌ಫರ್ ಇದ್ರೆ ಹುಷಾರು. ಪೀಣ್ಯದಿಂದ 10ನೇ ತಾರೀಖು ಹೊರಟ ಮೆಷಿನ್ 10ಕ್ಕೇ ಇನ್ನೊಂದು ಬ್ರಾಂಚಿಗೆ ಸೇರಿದ್ರೆ, ಎರಡೂ ಕಡೆ ಆ ದಿನ ಸೇರಿಸಿದ್ರೆ ಎರಡು ಸಲ, ಎರಡೂ ಕಡೆ ಬಿಟ್ರೆ ಸೊನ್ನೆ.

ಮಂಜು_ಪೀಣ್ಯ

ಹಾಗಾದ್ರೆ ಹಳೇ ವರ್ಷದಲ್ಲಿ ಹೋದ 2,041.67ನ ಏನು ಮಾಡೋದು? ರಿವರ್ಸಲ್ ಎಂಟ್ರಿ ಹಾಕಬೇಕಾ, ಟಿಕ್ ಹಾಕಿ ಮುಂದಿನ ತಿಂಗಳುಗಳಲ್ಲಿ ತಾನಾಗೇ ಸರಿಹೋಗೋಕೆ ಬಿಡೋದಾ?

ಲೆಡ್ಜರ್_ಲೋಕ

ಪದ್ಧತಿ ಬದಲಾವಣೆ ಅಂತ ನೋಡಿದ್ರೆ ಅದು ಎಸ್ಟಿಮೇಟ್ ಬದಲಾವಣೆ, ಮುಂದಕ್ಕೆ ಮಾತ್ರ ಅನ್ವಯ. ಟಿಕ್ ಹಾಕಿದ್ರೆ ಆಗೋದೂ ಅದೇ. ಮುಗಿದ ವರ್ಷ ತೆರೆಯೋ ಅಗತ್ಯ ಇಲ್ಲ.

ಬಸವನಗುಡಿ_ಆಡಿಟ್

ಸಾಫ್ಟ್‌ವೇರ್ ಭಾಗಾಕಾರ ತಪ್ಪಿದ್ದನ್ನ ಎಸ್ಟಿಮೇಟ್ ಅನ್ನೋಕೆ ಆಗಲ್ಲ. ಅದು ತಪ್ಪು, ಪ್ರಯರ್ ಪೀರಿಯಡ್ ಐಟಂ, ಬೇರೆಯಾಗಿ ತೋರಿಸಬೇಕು. ಮೊತ್ತ ಸಣ್ಣದು ಅಂತ ತೋರಿಸದೇ ಇರೋದು ಬೇರೆ ವಿಷಯ.

ಲೆಡ್ಜರ್_ಲೋಕ

ಫೆಬ್ರವರಿಯ 2,416.67 ಭಾಗಾಕಾರದ ತಪ್ಪಲ್ಲವಲ್ಲ ಸಾರ್, ಪದ್ಧತಿ. ತಪ್ಪು ಅಂತ ಇದ್ರೆ ಜನವರಿಗೆ 31ರ ಬದಲು 30 ಹಿಡಿದ 490.59 ಮಾತ್ರ.

ಬಸವನಗುಡಿ_ಆಡಿಟ್

ಹಾಗಾದ್ರೆ ವರ್ಕಿಂಗ್‌ನಲ್ಲಿ ಆ ಎರಡನ್ನೂ ಬೇರೆ ಮಾಡಿ ತೋರಿಸಿ, ಆಮೇಲೆ ಮಾತಾಡೋಣ.

ಟ್ರಯಲ್‌ಬ್ಯಾಲೆನ್ಸ್

490 ರೂಪಾಯಿಗೆ ವರ್ಕಿಂಗ್ ಪೇಪರ್! ನಾನು ಹೊರಟೆ ಊಟಕ್ಕೆ.

ಮಂಜು_ಪೀಣ್ಯ

ರಿಜಿಸ್ಟರ್‌ನಲ್ಲಿ ಜನವರಿ, ಮಾರ್ಚ್, ಫೆಬ್ರವರಿಯ ಟ್ಯಾಗ್‌ಗಳನ್ನ ಮೊದಲು ಫಿಲ್ಟರ್ ಮಾಡಿ ಎರಡು ಕಾಲಂ ಮಾಡ್ತೀನಿ, ಒಂದು 30ರ ತಪ್ಪಿಗೆ, ಒಂದು ಪದ್ಧತಿ ವ್ಯತ್ಯಾಸಕ್ಕೆ. ಸಪೋರ್ಟಿಂದ ಉತ್ತರ ಬಂದ್ರೆ ಇಲ್ಲೇ ಹಾಕ್ತೀನಿ.